ಒಪ್ಪಂದದಲ್ಲಿದ್ದ ‘ಇತ್ಯಾದಿ’: ಹಾಸನದ ಒಬ್ಬ ಕಾಫಿಪುಡಿ ಏಜೆಂಟರ ಮೂರು ತಿಂಗಳ ಲೆಕ್ಕ

ನಾನು ಹಾಸನದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಈ ಪ್ರಕರಣದ ಇಬ್ಬರೂ ನನಗೆ ಗೊತ್ತು, ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಊರಿನ ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ರೌಂಡ್ ಮಾಡಿದ್ದೇನೆ. ಜಗಳದ ಸ್ವರೂಪ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಹಿನ್ನೆಲೆ

ಸಕಲೇಶಪುರದ ಕಡೆ ಒಂದು ಸಣ್ಣ ತೋಟ. ಯಜಮಾನರು ತೀರಿಕೊಂಡ ಮೇಲೆ ಮನೆಯ ಹೆಣ್ಣುಮಗಳೇ ತೋಟ ನೋಡಿಕೊಳ್ಳುತ್ತಿದ್ದಾರೆ. ಬೀಜ ಮಾರಿದರೆ ಸಿಗುವ ದುಡ್ಡು ಸಾಲದೆಂದು ಹುರಿಯುವ ಯಂತ್ರ ಹಾಕಿಸಿದರು. ಚಿಕೋರಿ ಬೆರೆಸದ ಕಾಫಿಪುಡಿ, ಜೊತೆಗೆ ತೋಟದ್ದೇ ಕರಿಮೆಣಸು ಪ್ಯಾಕ್ ಮಾಡಿ ಮಾರತೊಡಗಿದರು. ಇಲ್ಲಿ ಅವರನ್ನು ‘ಮಾಲೀಕರು’ ಎನ್ನುತ್ತೇನೆ.

ಹಾಸನದಲ್ಲಿ ಮಾರಿಕೊಡಲು ಒಬ್ಬರು ಸಿಕ್ಕರು. ನಲವತ್ತರ ಆಸುಪಾಸಿನವರು. ಮೊದಲಿಂದಲೂ ಬಿಸ್ಕತ್ ಕಂಪನಿಯೊಂದಕ್ಕೆ ಆರ್ಡರ್ ಹಿಡಿಯುತ್ತಿದ್ದವರು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆಯ ಅಂಗಡಿ, ಹೋಟೆಲಿನವರೆಲ್ಲ ಅವರಿಗೆ ಪರಿಚಯ. ಮಾಲು ಮಾಲೀಕರದ್ದೇ, ಬಿಲ್ಲೂ ಮಾಲೀಕರ ಹೆಸರಲ್ಲೇ. ಏಜೆಂಟ್ ಮಾಲನ್ನು ತರಿಸಿಕೊಂಡು ಇಟ್ಟುಕೊಳ್ಳುವುದು, ಮಾರುವುದು, ವಸೂಲಿ ಮಾಡುವುದು, ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಕಳಿಸುವುದು.

ಒಪ್ಪಂದ ಎಂದು ಇದ್ದದ್ದು ಒಂದೇ ಹಾಳೆ. ಅದರಲ್ಲಿ ದುಡ್ಡಿನ ವಿಷಯಕ್ಕೆ ಎರಡೇ ಸಾಲು: ‘ಮಾರಾಟದ ಮೇಲೆ ಶೇ. 6 ಕಮಿಷನ್. ಸಾಗಾಟ ಇತ್ಯಾದಿ ಖರ್ಚನ್ನು ಕೊಡಲಾಗುವುದು.’ ‘ಮಾರಾಟ’ ಎಂದರೇನು, ‘ಇತ್ಯಾದಿ’ಯಲ್ಲಿ ಏನೇನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಆರು ತಿಂಗಳು ವ್ಯಾಪಾರ ಸಣ್ಣದಿತ್ತು, ಕೇಳುವ ಅಗತ್ಯವೂ ಬೀಳಲಿಲ್ಲ.

ತಕರಾರು ಎದ್ದ ಬಗೆ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ ಮಾರಾಟ ಒಮ್ಮೆಲೇ ಏರಿತು. ತೆರಿಗೆ ಬಿಟ್ಟು 9,00,000 ರೂಪಾಯಿ ಬಿಲ್ ಆಯಿತು. ಹುರಿದ ಕಾಫಿಪುಡಿಗೂ ಮೆಣಸಿಗೂ ಶೇ. 5 ಜಿಎಸ್‌ಟಿ, ಅದು 45,000. ಪ್ಯಾಕೆಟ್ ಒಡೆದದ್ದು, ಅಂಗಡಿಯವರು ವಾಪಸ್ ಮಾಡಿದ್ದು ಎಲ್ಲ ಸೇರಿ 40,000 ರೂಪಾಯಿಯ ಮಾಲು ಹಿಂದಕ್ಕೆ ಬಂತು. ಉಳಿದ ಮಾರಾಟ 8,60,000. ತೆರಿಗೆ ಸೇರಿಸಿದರೆ 9,03,000. ಇದರಲ್ಲಿ ಒಂದು ಹೋಟೆಲ್ 42,000 ಬಾಕಿ ಇಟ್ಟುಕೊಂಡು ಡಿಸೆಂಬರ್ ಮೊದಲ ವಾರ ಬಾಗಿಲು ಹಾಕಿತು. ಕೈಗೆ ಬಂದದ್ದು 8,61,000.

ಏಜೆಂಟ್ ಮಾಲೀಕರಿಗೆ ಕಳಿಸಿದ್ದು 7,65,700. ಜೊತೆಗೆ ಒಂದು ವಾಟ್ಸ್ಯಾಪ್ ಸಂದೇಶ: ‘ಕಮಿಷನ್ 56,700, ಖರ್ಚು 38,600, ಒಟ್ಟು 95,300 ಹಿಡಿದಿದ್ದೇನೆ. ಹೋಟೆಲ್ 42,000 ಬರುವುದಿಲ್ಲ.’ ಅಷ್ಟೇ.

ಮಾಲೀಕರು ಫೋನ್ ಮಾಡಿ, ‘ನನ್ನ ದುಡ್ಡಲ್ಲಿ ನೀನೇ ಹಿಡ್ಕೊಳ್ಳೋದಕ್ಕೆ ಯಾರು ಹೇಳಿದ್ರಪ್ಪ?’ ಎಂದರು. ಏಜೆಂಟ್‌ಗೂ ಸಿಟ್ಟು ಬಂತು. ಮರುದಿನ ಮಾಲೀಕರ ಅಣ್ಣನ ಮಗ ಉಳಿದ ಮಾಲು ತರಲೆಂದು ಗಾಡಿ ತೆಗೆದುಕೊಂಡು ಹೋದರೆ, ‘ಲೆಕ್ಕ ತೀರೋವರೆಗೂ ಒಂದು ಪ್ಯಾಕೆಟ್ ಕೊಡಲ್ಲ’ ಎಂದು ಬರಿಗೈಲಿ ಕಳಿಸಿದರು. ಒಳಗಿದ್ದದ್ದು ಸುಮಾರು ಒಂದು ಲಕ್ಷದ ಮಾಲು, ಬಹುಪಾಲು ಪುಡಿ. ಪುಡಿ ಮಾಡಿದ ಕಾಫಿ ಬೀಜದ ಹಾಗಲ್ಲ, ದಿನ ಕಳೆದಂತೆ ಘಮ ಹೋಗುತ್ತದೆ. ಇವರಿಬ್ಬರ ಹಟದಲ್ಲಿ ಹಾಳಾಗುತ್ತಿದ್ದದ್ದು ಇಬ್ಬರಿಗೂ ಸೇರಿದ ದುಡ್ಡು.

ಹೀಗಿದ್ದಾಗ ನನ್ನ ಬಳಿ ಬಂದರು. ಮೊದಲು ಮಾಲೀಕರು, ನಂತರ ನಾನು ಕರೆದೆನೆಂದು ಏಜೆಂಟ್.

ಮೊದಲು ಮಾಡಿದ್ದು, ಸಾಗದೇ ಹೋದದ್ದು

ಶುರುವಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಇಬ್ಬರನ್ನೂ ಕೂರಿಸಿ, ‘ಒಂದು ಮೊತ್ತಕ್ಕೆ ಬಂದುಬಿಡಿ’ ಎಂದೆ. ಏಜೆಂಟ್ 80,000 ಎಂದರು. ಮಾಲೀಕರು 40,000 ಎಂದರು. ಯಾವುದು ಸರಿ ಎಂದು ಹೇಳಲು ಯಾರಲ್ಲೂ ಆಧಾರವಿರಲಿಲ್ಲ. ಚೌಕಾಸಿ ಮಾಡಿದಷ್ಟೂ ‘ನೀವು ನನ್ನ ನಂಬಲ್ಲ’ ಎನ್ನುವ ಮಾತೇ ದೊಡ್ಡದಾಯಿತು.

ಎರಡನೇ ಸಲ ಬರುವಾಗ ಏಜೆಂಟರಿಗೆ ಹೇಳಿದೆ: ‘ಮೊತ್ತ ಬೇಡ. ನಿಮ್ಮ ಪುಸ್ತಕ ತನ್ನಿ.’

ತಂದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ, ಅಂಚಿಗೆಲ್ಲ ಕಾಫಿಪುಡಿ ಮೆತ್ತಿತ್ತು. ಎಡಗಡೆ ಅಂಗಡಿ ಹೆಸರು, ಬಲಗಡೆ ಮೊತ್ತ. ಖರ್ಚಿಗೆ ಬೇರೆ ಪುಟ ಇರಲಿಲ್ಲ. ವಸೂಲಿಯ ಸಾಲಿನ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ‘ಗಾಡಿ 900’, ‘ಹ. 150’, ‘ಪೆ. 300’ ಎಂದು ಚುಟುಕಾಗಿ ಬರೆದಿದ್ದರು. ಹ ಎಂದರೆ ಹಮಾಲಿ, ಪೆ ಎಂದರೆ ಪೆಟ್ರೋಲ್. ಸುಳ್ಳು ಲೆಕ್ಕ ಬರೆಯುವವರ ಪುಸ್ತಕ ಹಾಗಿರುವುದಿಲ್ಲ. ಅದನ್ನು ನೋಡಿದ ಮೇಲೆ ಮಾಲೀಕರ ದನಿಯೂ ಸ್ವಲ್ಪ ಇಳಿಯಿತು. ಆಮೇಲಿನ ಮಾತೆಲ್ಲ ಆ ಪುಸ್ತಕದ ಮೇಲೆ ನಡೆಯಿತು, ನಂಬಿಕೆಯ ಮೇಲಲ್ಲ.

ದುಡ್ಡು ಹಿಡಿದದ್ದು ಸರಿಯೇ?

ಮಾಲೀಕರ ಮೊದಲ ದೂರು ಇದೇ ಆದ್ದರಿಂದ ಇಲ್ಲಿಂದ ಶುರುಮಾಡಿದೆವು. 1872ರ ಕರಾರು ಕಾಯ್ದೆಯ 217ನೇ ಸೆಕ್ಷನ್ ಪ್ರಕಾರ, ಮಾಲೀಕರ ಪರವಾಗಿ ವಸೂಲಿ ಮಾಡಿದ ದುಡ್ಡಿನಿಂದ ಏಜೆಂಟ್ ತನ್ನ ಕಮಿಷನ್ನನ್ನೂ ಸರಿಯಾಗಿ ಮಾಡಿದ ಖರ್ಚನ್ನೂ ಹಿಡಿದುಕೊಳ್ಳಬಹುದು. ಹಾಗಾಗಿ ಹಿಡಿದದ್ದು ತಪ್ಪಲ್ಲ. ಎಷ್ಟು ಹಿಡಿದರು ಎನ್ನುವುದಷ್ಟೇ ಪ್ರಶ್ನೆ.

ಆದರೆ ಮಾಲು ತಡೆದದ್ದು ಬೇರೆ ವಿಷಯ. 221ನೇ ಸೆಕ್ಷನ್ ಬಾಕಿ ಬರುವವರೆಗೆ ಮಾಲನ್ನು ಇಟ್ಟುಕೊಳ್ಳಲು ಏಜೆಂಟ್‌ಗೆ ಹಕ್ಕು ಕೊಡುತ್ತದೆ, ನಿಜ. ಇಲ್ಲಿ ಏಜೆಂಟ್ ತಾವು ಕೇಳುವ ಪೂರ್ತಿ ದುಡ್ಡನ್ನು ಆಗಲೇ ಹಿಡಿದುಕೊಂಡಿದ್ದರು. ಅವರಿಗೆ ಬರಬೇಕಾದ ಬಾಕಿಯೇ ಇರಲಿಲ್ಲ. ಬಾಕಿ ಇಲ್ಲದ ಮೇಲೆ ಯಾವುದಕ್ಕೆಂದು ಮಾಲು ತಡೆಯುವುದು? ಇದನ್ನು ಕೇಳಿ ಏಜೆಂಟ್ ಒಂದು ನಿಮಿಷ ಸುಮ್ಮನೆ ಕೂತರು. ಆಮೇಲೆ, ‘ನಾಳೆ ಗಾಡಿ ಕಳಿಸಿ ಅಮ್ಮಾ’ ಎಂದರು. ನನ್ನ ಲೆಕ್ಕದಲ್ಲಿ ಪ್ರಕರಣ ತಿರುಗಿದ್ದು ಇಲ್ಲೇ.

ಕಮಿಷನ್: ಯಾವುದರ ಮೇಲೆ 6?

ಏಜೆಂಟ್ 9,45,000ದ ಮೇಲೆ ಶೇ. 6 ಹಾಕಿ 56,700 ಎಂದಿದ್ದರು. ಅದರಲ್ಲಿ 45,000 ತೆರಿಗೆ. ತೆರಿಗೆ ಸರ್ಕಾರದ್ದು, ಮಾಲೀಕರು ಮಾರಿದ್ದಲ್ಲ. ಅದರ ಮೇಲಿನ 2,700 ಹೋಯಿತು. ವಾಪಸ್ ಬಂದ 40,000ದ ಮಾಲು ಮಾರಾಟವಾಗಿ ನಿಲ್ಲಲೇ ಇಲ್ಲ. ಅದರ ಮೇಲಿನ 2,400 ಹೋಯಿತು. ಉಳಿದದ್ದು 8,60,000ದ ಮೇಲೆ 51,600. ಇಷ್ಟಕ್ಕೆ ಏಜೆಂಟ್ ತಕರಾರಿಲ್ಲದೆ ಒಪ್ಪಿದರು.

ಮಾಲೀಕರ ವಾದ ಇನ್ನೂ ಮುಂದೆ ಹೋಗಿತ್ತು. ದುಡ್ಡು ಬಾರದ ಹೋಟೆಲಿನ ಮಾರಾಟಕ್ಕೂ ಕಮಿಷನ್ ಇಲ್ಲ, ಹಾಗಾಗಿ 49,200 ಮಾತ್ರ ಎಂದರು. ಕೇಳಲು ನ್ಯಾಯವೇ. ಆದರೆ ಹಾಳೆಯಲ್ಲಿ ಬರೆದದ್ದು ‘ಮಾರಾಟದ ಮೇಲೆ’, ‘ವಸೂಲಿಯ ಮೇಲೆ’ ಅಲ್ಲ. ಮಾಲು ಹೋಟೆಲಿಗೆ ಹೋಗಿದೆ, ಅವರು ಬಳಸಿದ್ದಾರೆ, ಮಾರಾಟ ಮುಗಿದಿದೆ. ವಸೂಲಾದ ಮೇಲೆಯೇ ಕಮಿಷನ್ ಎಂದಿದ್ದರೆ ಹಾಗೆಂದು ಬರೆಯಬೇಕಿತ್ತು. ಆದ್ದರಿಂದ ಹೋಟೆಲಿನ ವಿಷಯವನ್ನು ಕಮಿಷನ್‌ನಲ್ಲಿ ಬೆರೆಸದೆ ಬೇರೆಯಾಗಿಯೇ ನೋಡೋಣ ಎಂದೆ.

ಹೋಟೆಲಿನ 42,000

ಜಾಸ್ತಿ ಹೊತ್ತು ಹಿಡಿದದ್ದು ಇದು. ಸಾಮಾನ್ಯವಾಗಿ ಕೊಂಡವನು ದುಡ್ಡು ಕೊಡದಿದ್ದರೆ ನಷ್ಟ ಮಾಲೀಕರದ್ದು. ಏಜೆಂಟ್ ಹೊರಬೇಕೆಂದರೆ ಅದಕ್ಕೆಂದೇ ಹೆಚ್ಚಿನ ಕಮಿಷನ್ ಕೊಟ್ಟಿರಬೇಕು. ಲೆಕ್ಕದವರು ಅದಕ್ಕೆ ಡೆಲ್ ಕ್ರೆಡಿಯರ್ ಕಮಿಷನ್ ಎನ್ನುತ್ತಾರೆ. ಇಲ್ಲಿ ಅದು ಇರಲಿಲ್ಲ. ‘ಹಾಗಾದ್ರೆ ಪೂರ್ತಿ ಅಮ್ಮನದ್ದೇ ಅಲ್ವಾ ಸಾರ್?’ ಎಂದರು ಏಜೆಂಟ್.

ಆದರೆ ಮಾಲೀಕರ ಫೋನಿನಲ್ಲಿ ಆಗಸ್ಟ್‌ನ ಒಂದು ಸಂದೇಶವಿತ್ತು: ‘ಹೋಟೆಲಿನವರಿಗೆ ಹದಿನೈದು ದಿನಕ್ಕಿಂತ ಜಾಸ್ತಿ ಸಾಲ ಬೇಡ. ಹಳೇದು ಕೊಡದೆ ಹೊಸದು ಕೊಡಬೇಡಿ.’ ಏಜೆಂಟ್ ‘ಆಯ್ತು ಅಮ್ಮಾ’ ಎಂದು ಉತ್ತರವನ್ನೂ ಕೊಟ್ಟಿದ್ದರು. ಮಾಲೀಕರು ಹೇಳಿದ ರೀತಿಯಲ್ಲಿ ಕೆಲಸ ಮಾಡದೆ ನಷ್ಟವಾದರೆ ಅದನ್ನು ಏಜೆಂಟ್ ತುಂಬಿಕೊಡಬೇಕು ಎಂದು 211ನೇ ಸೆಕ್ಷನ್ ಹೇಳುತ್ತದೆ.

ಈಗ ನಾಲ್ಕು ಬಿಲ್ಲುಗಳನ್ನೂ ದಿನಾಂಕದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಕ್ಟೋಬರ್ 6, ಅಕ್ಟೋಬರ್ 16, ನವೆಂಬರ್ 3, ನವೆಂಬರ್ 17. ಒಂದೊಂದೂ 10,500. ಮೊದಲ ಬಿಲ್ಲಿನ ಹದಿನೈದು ದಿನ ಮುಗಿಯುವುದು ಅಕ್ಟೋಬರ್ 21ಕ್ಕೆ. ಎರಡನೇ ಬಿಲ್ಲು ಹಾಕಿದಾಗ ಗಡುವು ಮೀರಿರಲಿಲ್ಲ. ‘ಹಳೇದು ಕೊಡದೆ ಹೊಸದು ಬೇಡ’ ಎಂಬ ಮಾತಿನ ಪ್ರಕಾರ ಎರಡನೆಯದೂ ತಪ್ಪು ಎಂದರು ಮಾಲೀಕರು. ಆದರೆ ಹದಿನೈದು ದಿನ ಸಾಲ ಕೊಡಿ ಎಂದ ಮೇಲೆ, ಆ ದಿನಗಳೊಳಗಿನ ಬಾಕಿಯನ್ನು ‘ಹಳೇದು’ ಎನ್ನುವುದು ಸರಿಯಲ್ಲ ಎಂದು ನನಗನ್ನಿಸಿತು, ಹಾಗೇ ಹೇಳಿದೆ. ಮೂರನೆಯದೂ ನಾಲ್ಕನೆಯದೂ ಮಾತ್ರ ಗಡುವು ಮೀರಿದ ಬಾಕಿ ಕಣ್ಣೆದುರಿಗಿದ್ದೂ ಕೊಟ್ಟದ್ದು.

ಏಜೆಂಟ್ ಬಿಲ್ಲುಗಳನ್ನೇ ನೋಡುತ್ತಿದ್ದರು. ‘ದೀಪಾವಳಿ ಆಗ್ಲಿ ಕೊಡ್ತೀನಿ ಅಂದಿದ್ರು ಸಾರ್. ಹತ್ತು ವರ್ಷದ ಗಿರಾಕಿ. ಇಲ್ಲ ಅನ್ನೋಕೆ ಆಗ್ಲಿಲ್ಲ’ ಎಂದರು. ಆ ಹೋಟೆಲಿನವರು ಬಿಸ್ಕತ್ತಿಗೂ ಅವರ ಗಿರಾಕಿಯೇ. ಅಲ್ಲಿ ಸಂಬಂಧ ಕೆಡಿಸಿಕೊಳ್ಳಲು ಮನಸ್ಸಿರಲಿಲ್ಲ. ಇದು ಅರ್ಥವಾಗುವ ಕಷ್ಟ. ಆದರೆ ಆ ಮುಲಾಜಿನ ಬೆಲೆಯನ್ನು ಮಾಲೀಕರು ಕೊಡಬೇಕಾಗಿಲ್ಲ.

ಕೊನೆಗೆ ಮೊದಲ ಎರಡು ಬಿಲ್ಲಿನ 21,000 ಮಾಲೀಕರ ನಷ್ಟ, ಕೊನೆಯ ಎರಡರ 21,000 ಏಜೆಂಟರದ್ದು ಎಂದಾಯಿತು. ಜೊತೆಗೆ 220ನೇ ಸೆಕ್ಷನ್ ಪ್ರಕಾರ, ಏಜೆಂಟ್ ಕೆಡಿಸಿದ ಭಾಗದ ವ್ಯವಹಾರಕ್ಕೆ ಕಮಿಷನ್ ಇಲ್ಲ. ಆ ಎರಡು ಬಿಲ್ಲಿನ ತೆರಿಗೆ ರಹಿತ ಮೊತ್ತ 20,000, ಅದರ ಮೇಲಿನ 1,200 ಕಳೆಯಿತು. ಕಮಿಷನ್ 50,400ಕ್ಕೆ ನಿಂತಿತು. ಮಾಲೀಕರಿಗೆ ಇನ್ನೊಂದು ಬೇಸರವೂ ಇತ್ತು. ದುಡ್ಡು ಬಾರದಿದ್ದರೂ ಬಿಲ್ಲಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಮಾಲು ಹಿಂದಕ್ಕೆ ಬಂದರೆ ಕ್ರೆಡಿಟ್ ನೋಟ್ ಹಾಕಿ ತೆರಿಗೆ ಇಳಿಸಬಹುದು, ಮುಳುಗಿದ ಸಾಲಕ್ಕೆ ಆ ದಾರಿ ಇಲ್ಲ.

ಖರ್ಚಿನ 38,600

ಇಲ್ಲಿ ಬಂತು ಆ ‘ಇತ್ಯಾದಿ’. ಪುಸ್ತಕದ ಪೆನ್ಸಿಲ್ ಗುರುತುಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿದೆವು. ಪಿಕಪ್ ಬಾಡಿಗೆ, ಬಸ್ ಲಗೇಜ್ ಸೇರಿ 14,200. ಹಮಾಲಿ 3,600. ಗೋಡೌನ್ ಬಾಡಿಗೆ ತಿಂಗಳಿಗೆ 3,000ದಂತೆ 9,000. ಪೆಟ್ರೋಲ್ 6,300. ಫೋನ್ ರೀಚಾರ್ಜ್ 900. ಉಳಿದ 4,600ಕ್ಕೆ ‘ಚಿಲ್ಲರೆ’ ಎಂದಷ್ಟೇ ಇತ್ತು.

ನಾನು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದೆ. ಈ ದುಡ್ಡು ನಿಜವಾಗಿ ಕೈಬಿಟ್ಟು ಹೋಗಿದೆಯೇ? ಇದು ಈ ಮಾಲಿಗೋಸ್ಕರವೇ ಹೋದದ್ದೇ? ಖರ್ಚು ವಾಪಸ್ ಕೊಡುವುದೆಂದರೆ ಏಜೆಂಟ್ ತಮ್ಮ ಜೇಬಿಂದ ಹಾಕಿದ್ದನ್ನು ಅಷ್ಟೇ ಮೊತ್ತಕ್ಕೆ ತುಂಬಿಕೊಡುವುದು. ಅದರಲ್ಲಿ ಅವರಿಗೆ ಲಾಭವೂ ಇರಬಾರದು, ನಷ್ಟವೂ ಇರಬಾರದು. ಲಾಭಕ್ಕೆ ಕಮಿಷನ್ ಇದೆ.

ಗಾಡಿ ಬಾಡಿಗೆ, ಹಮಾಲಿ ಎರಡೂ ಪ್ರಶ್ನೆಗೂ ನಿಂತವು. ಫೋನ್ ರೀಚಾರ್ಜ್ ನಿಲ್ಲಲಿಲ್ಲ, ಅದು ಏಜೆಂಟ್ ಹೇಗೂ ಮಾಡಿಸುವ ಖರ್ಚು. ಪೆಟ್ರೋಲ್‌ಗೆ ಬಿಸ್ಕತ್ ಕಂಪನಿಯ ಆರ್ಡರ್ ಪುಸ್ತಕವನ್ನೂ ತರಿಸಿದೆ. ಅದೇ ದಿನ, ಅದೇ ಊರು, ಬಹುಪಾಲು ಅದೇ ಅಂಗಡಿ. ಒಂದೇ ಸುತ್ತಿನಲ್ಲಿ ಎರಡು ಕೆಲಸ. ಅರ್ಧ, ಅಂದರೆ 3,150 ಮಾಲೀಕರದ್ದು ಎಂದಾಯಿತು. ಚಿಲ್ಲರೆಯಲ್ಲಿ ದಿನಾಂಕ, ಕಾರಣ ಎರಡೂ ಬರೆದಿದ್ದ 1,600ನ್ನು ಚೀಟಿ ಇಲ್ಲದಿದ್ದರೂ ಮಾಲೀಕರು ಒಪ್ಪಿದರು. ಉಳಿದದ್ದು ಏನೆಂದು ಏಜೆಂಟರಿಗೇ ನೆನಪಿರಲಿಲ್ಲ.

ಗೋಡೌನ್ ಬಾಡಿಗೆ ಹತ್ತಿರ ಬಂದಾಗ ಮಾತು ಬಿಗಿಯಾಯಿತು. ಮಾಲು ಇಟ್ಟದ್ದು ಏಜೆಂಟರ ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ. ಯಾರಿಗೂ ಬಾಡಿಗೆ ಕೊಟ್ಟಿಲ್ಲ. ‘ಹೊರಗಡೆ ತಗೊಂಡಿದ್ರೆ ಇನ್ನೂ ಜಾಸ್ತಿ ಆಗ್ತಿತ್ತಲ್ಲ ಸಾರ್. ಮಕ್ಕಳು ಓದೋ ಕೋಣೆ ಅದು’ ಎಂದರು. ಅದೂ ನಿಜವೇ. ಆದರೆ ಕೊಡದ ಬಾಡಿಗೆ ಖರ್ಚಾಗುವುದಿಲ್ಲ. ತಮ್ಮ ಕೋಣೆಗೆ ದುಡ್ಡು ಬೇಕಿದ್ದರೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಬೇಕಿತ್ತು. ಆಗ ಅದು ಅವರ ಸಂಭಾವನೆಯ ಒಂದು ಭಾಗ. ಹೇಳದೆ ಖರ್ಚಿನ ಸಾಲಲ್ಲಿ ಸೇರಿಸಿದರೆ ಮಾಲೀಕರಿಗೆ ಗೊತ್ತಿಲ್ಲದ ಸಂಪಾದನೆ ಆಗುತ್ತದೆ. 9,000 ಪೂರ್ತಿ ಬಿಟ್ಟರು, ಮನಸ್ಸಿಲ್ಲದ ಮನಸ್ಸಿನಿಂದ. ಮಾಲೀಕರೇ, ‘ಜನವರಿಯಿಂದ ತಿಂಗಳಿಗೆ ಸಾವಿರ ಹಾಕ್ಕೊಳ್ಳಪ್ಪ, ಕೋಣೆ ಬಾಡಿಗೆ ಅಂತಲೇ ಬರಿ’ ಎಂದರು. ಅಂದು ಇಬ್ಬರೂ ಕಾಫಿ ಕುಡಿದು ಹೋದರು.

ಒಪ್ಪಿದ ಖರ್ಚು 22,550. ಕಮಿಷನ್ 50,400 ಸೇರಿಸಿದರೆ 72,950. ಅದರಲ್ಲಿ ಹೋಟೆಲಿನ 21,000 ಕಳೆದರೆ ಏಜೆಂಟರ ಪಾಲು 51,950. ಹಿಡಿದದ್ದು 95,300. ವಾಪಸ್ ಕೊಡಬೇಕಾದದ್ದು 43,350. ಒಂದೇ ಸಲ ಆಗದೆಂದು ಮೂರು ಕಂತು ಮಾಡಿಕೊಟ್ಟೆವು.

ಲೆಕ್ಕ ಬಿಡಿಸುವಾಗ ಸಿಕ್ಕ ಇನ್ನೆರಡು

ಏಜೆಂಟರ ಚೀಲದಲ್ಲಿ ಅವರ ಸ್ವಂತ ಹೆಸರಿನ ಹೊಸ ಬಿಲ್ ಪುಸ್ತಕ ಕಂಡಿತು. ಅಂಗಡಿಯವರು ಕೇಳಿದರೆಂದು ಅಚ್ಚು ಹಾಕಿಸಿದ್ದರು, ಇನ್ನೂ ಹರಿದಿರಲಿಲ್ಲ. ಅಲ್ಲೇ ನಿಲ್ಲಿಸಿದೆ. ಬಿಲ್ಲು ಮಾಲೀಕರ ಹೆಸರಲ್ಲಿದ್ದರೆ ಏಜೆಂಟ್ ಬರೀ ಸೇವೆ ಕೊಡುವವರು. ಜಿಎಸ್‌ಟಿ ನೋಂದಣಿಗೆ 20 ಲಕ್ಷದ ಸಾಮಾನ್ಯ ಮಿತಿಯೇ ಅವರಿಗೂ ಅನ್ವಯ. ತಮ್ಮ ಹೆಸರಲ್ಲಿ ಬಿಲ್ಲು ಹರಿದರೆ ಮಾಲೀಕರಿಂದ ಅವರಿಗೆ ಮಾಲು ಬಂದದ್ದೇ ಒಂದು ಪೂರೈಕೆ ಎನಿಸುತ್ತದೆ, ಮಿತಿ ನೋಡದೆ ನೋಂದಣಿ ಕಡ್ಡಾಯವಾಗುತ್ತದೆ. 2018ರ ಸೆಪ್ಟೆಂಬರ್‌ನ ಜಿಎಸ್‌ಟಿ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ.

ಇನ್ನೊಂದು ಆದಾಯ ತೆರಿಗೆಯದ್ದು. ಹಿಂದಿನ ವರ್ಷದ ವ್ಯಾಪಾರ 1 ಕೋಟಿ ದಾಟದ ಕಾರಣ ಕಮಿಷನ್ ಮೇಲೆ ಟಿಡಿಎಸ್ ಹಿಡಿಯುವ ಹೊಣೆ ಮಾಲೀಕರಿಗೆ ಇರಲಿಲ್ಲ. ಆದರೆ ಅವರ ಪುಸ್ತಕದಲ್ಲಿ 95,300 ಪೂರ್ತಿ ‘ಕಮಿಷನ್’ ಎಂದೇ ಬರೆದಿತ್ತು. ಹಾಗೇ ಬಿಟ್ಟಿದ್ದರೆ ಗಾಡಿ ಬಾಡಿಗೆಯೂ ಏಜೆಂಟರ ಸಂಪಾದನೆಯಂತೆ ಕಾಣುತ್ತಿತ್ತು.

ಆಮೇಲೆ

ಹೊಸ ಒಪ್ಪಂದದಲ್ಲಿ ‘ಇತ್ಯಾದಿ’ ಇಲ್ಲ. ಕಮಿಷನ್ ತೆರಿಗೆ ಮತ್ತು ವಾಪಸ್ ಮಾಲು ಬಿಟ್ಟ ಮಾರಾಟದ ಮೇಲೆ, ಹಿಡಿದುಕೊಳ್ಳುವುದು ವಸೂಲಾದ ಮೇಲೆ. ಖರ್ಚಿಗೆ ಗಾಡಿ, ಹಮಾಲಿ, ಅರ್ಧ ಪೆಟ್ರೋಲ್ ಎಂದು ಹೆಸರಿಟ್ಟು ಬರೆದಿದೆ. ಬೇರೆ ಯಾವುದಾದರೂ 500 ದಾಟಿದರೆ ಮೊದಲು ಕೇಳಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಹಾಳೆ ಲೆಕ್ಕ: ಬಂದ ಮಾಲು, ಮಾರಿದ್ದು, ವಾಪಸ್ ಬಂದದ್ದು, ವಸೂಲಿ, ಖರ್ಚು, ಕಮಿಷನ್, ಕಳಿಸಿದ ದುಡ್ಡು, ಉಳಿದ ಮಾಲು.

ಬಾಕಿಯ ಹೊಣೆಯನ್ನೂ ನೀವೇ ಹೊತ್ತರೆ ಇನ್ನೂ ಶೇ. 1.5 ಕೊಡುತ್ತೇನೆ ಎಂದು ಮಾಲೀಕರು ಕೇಳಿದ್ದರು. ಏಜೆಂಟ್ ಮನೆಗೆ ಹೋಗಿ ಲೆಕ್ಕ ಹಾಕಿಕೊಂಡು ಬಂದರು. ಆ ಮೂರು ತಿಂಗಳ ಮಾರಾಟಕ್ಕೆ ಅದು 12,900. ಒಂದೇ ಹೋಟೆಲ್ ಮುಳುಗಿಸಿದ್ದು 42,000. ‘ಬೇಡ ಅಮ್ಮಾ, ಹೋಟೆಲಿನವರಿಗೆ ಕ್ಯಾಶ್ ಮಾಡ್ಬಿಡ್ತೀನಿ’ ಎಂದರು. ಎರಡು ಹೋಟೆಲ್ ಕೈತಪ್ಪಿದವು. ಮಾಲೀಕರು ಅದಕ್ಕೆ ಏನೂ ಅನ್ನಲಿಲ್ಲ.

ಮಾರ್ಚ್‌ನಲ್ಲಿ ಆ ಬಾಗಿಲು ಹಾಕಿದ ಹೋಟೆಲಿನವರು ಏಜೆಂಟರನ್ನು ಹುಡುಕಿಕೊಂಡು ಬಂದು 6,000 ಕೊಟ್ಟರು. ಯಾವ ಬಿಲ್ಲಿಗೆ ಎಂದು ಹೇಳಲಿಲ್ಲ. ಏಜೆಂಟ್ ನನಗೆ ಫೋನ್ ಮಾಡಿ ಯಾರ ಪಾಲಿಗೆ ಹಾಕಲಿ ಎಂದು ಕೇಳಿದರು. ಕೊಟ್ಟವನು ಹೇಳದಿದ್ದರೆ ಯಾವ ಬಾಕಿಗೆ ಜಮಾ ಮಾಡಬೇಕೆಂದು ನಿರ್ಧರಿಸುವುದು ಸಾಲ ಕೊಟ್ಟವರ ಹಕ್ಕು. ಅವರೂ ಸುಮ್ಮನಿದ್ದರೆ ಹಳೆಯ ಬಿಲ್ಲಿಗೆ ಮೊದಲು. ಹೇಗೆ ನೋಡಿದರೂ ಮಾಲೀಕರು ಪೂರ್ತಿ ತಮ್ಮ ಎರಡು ಬಿಲ್ಲಿಗೇ ಹಾಕಿಕೊಳ್ಳಬಹುದಿತ್ತು. ಅವರಿಗೆ ಹಾಗೇ ತಿಳಿಸಿದೆ.

‘ಅವನೇ ತಾನೆ ಇಸ್ಕೊಂಡು ಬಂದಿದ್ದು? ಅರ್ಧ ಅವನಿಗೆ ಹಾಕಿ’ ಎಂದರು. ಆ ಹದಿನೈದು ದಿನದ ಹಾಳೆಯಲ್ಲಿ 3,000 ಮಾಲೀಕರ ಕಡೆಗೆ ಬಂದಿದೆ, ಗಾಡಿ ಬಾಡಿಗೆಯ ಚೀಟಿಗಳನ್ನು ಹಿಂದೆ ಪಿನ್ ಮಾಡಿ ಇಟ್ಟಿದ್ದಾರೆ.